ವೆಲ್ಡಿಂಗ್ ಮಿಷನ್ ಶುರುವಾದರೆ ಪಕ್ಕದ ಶೆಡ್ಡಿನ ಲೈಟ್ ಯಾಕೆ ಕುಣಿಯುತ್ತೆ: ಫ್ಲಿಕರ್ ಅಳೆಯೋದು, ಇಳಿಸೋದು

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಂಥ ಕಡೆ ಒಂದೇ ಟಿಸಿಗೆ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿಗೆ, ಹತ್ತಾರು ಸಣ್ಣ ಶೆಡ್ಡುಗಳು ನೇತುಬಿದ್ದಿರುತ್ತವೆ. ಅದರಲ್ಲಿ ಒಬ್ಬರು ಶೀಟ್ ಮೆಟಲ್ ಕೆಲಸಕ್ಕೆ ಸ್ಪಾಟ್ ವೆಲ್ಡಿಂಗ್ ಮಿಷನ್ ತಂದರು ಅಂದರೆ ಮುಗಿಯಿತು. ವಾರದೊಳಗೆ ಪಕ್ಕದವರು ಬಂದು ನಿಲ್ಲುತ್ತಾರೆ: "ಸಾರ್, ನೀವು ಮಿಷನ್ ಹಾಕಿದ್ರೆ ನಮ್ಮ ಲೈಟೆಲ್ಲಾ ಕುಣಿಯುತ್ತೆ, ಹುಡುಗರಿಗೆ ತಲೆನೋವು ಬರ್ತಿದೆ." ಮಿಷನ್ ಮಾಲೀಕರು ಮೀಟರಿನಲ್ಲಿ ವೋಲ್ಟೇಜ್ ನೋಡುತ್ತಾರೆ. 235, 238, ಎಲ್ಲಾ ಸರಿಯಾಗಿದೆ. ಇಬ್ಬರು ಹೇಳುವುದೂ ನಿಜ. ಮಾಮೂಲಿ ಮೀಟರ್ ಸರಾಸರಿ ತೋರಿಸುತ್ತದೆ. ಕಣ್ಣು ಏರಿಳಿತವನ್ನು ಹಿಡಿಯುತ್ತದೆ.

ಈ ಏರಿಳಿತವೇ ಫ್ಲಿಕರ್. ಇಲ್ಲಿ ಒಂದು ಸ್ಪಾಟ್ ವೆಲ್ಡರ್‌ನ ಲೆಕ್ಕವನ್ನು ಮೊದಲಿಂದ ಕೊನೆತನಕ ಮಾಡಿ ತೋರಿಸುತ್ತೇನೆ. ಉಕ್ಕು ಕರಗಿಸುವ ಆರ್ಕ್ ಫರ್ನೇಸ್ ವಿಷಯ ಕೊನೆಗೆ ಬರುತ್ತದೆ. ಅಲ್ಲಿ ಗಾತ್ರ ದೊಡ್ಡದು, ತತ್ವ ಇದೇ.

ಮೊದಲು: ಇದು ನಿಜವಾಗಿ ಫ್ಲಿಕರ್ ಹೌದಾ?

ಲೈಟ್ ಮಿಣುಕಿದ್ದೆಲ್ಲಾ ಫ್ಲಿಕರ್ ಅಲ್ಲ. ನ್ಯೂಟ್ರಲ್ ಲೂಸ್ ಆಗಿದ್ದರೂ ಮಿಣುಕುತ್ತದೆ, ಮತ್ತೆ ಅದು ಅಪಾಯದ ವಿಷಯ. ಗುರುತಿಸುವುದು ಕಷ್ಟವಿಲ್ಲ. ನ್ಯೂಟ್ರಲ್ ಸಡಿಲವಾಗಿದ್ದರೆ ಒಂದು ಫೇಸ್‌ನಲ್ಲಿ ವೋಲ್ಟೇಜ್ ಇಳಿಯುವಾಗ ಇನ್ನೊಂದರಲ್ಲಿ ಏರುತ್ತದೆ. ಒಂದು ಕಡೆ ಬಲ್ಬ್ ಮಂಕಾದರೆ ಇನ್ನೊಂದು ಕಡೆ ಜೋರಾಗಿ ಉರಿಯುತ್ತದೆ. ಹಾಗೆ ಕಂಡರೆ ಫ್ಲಿಕರ್ ಮೀಟರ್ ಬಾಡಿಗೆಗೆ ತರಬೇಡಿ, ಮೊದಲು ಲೈನ್‌ಮನ್ ಕರೆಸಿ ಜಾಯಿಂಟ್ ನೋಡಿಸಿ.

ವೆಲ್ಡಿಂಗ್‌ನಿಂದ ಬಂದ ಫ್ಲಿಕರ್ ಆದರೆ ಪ್ರತಿ ವೆಲ್ಡಿಗೂ ಒಂದು ಇಳಿತ ಕಾಣುತ್ತದೆ, ವೆಲ್ಡ್ ನಿಂತ ತಕ್ಷಣ ಮೇಲೆ ಬರುತ್ತದೆ. ಪಕ್ಕದ ಶೆಡ್ಡಿನಲ್ಲಿ ಒಬ್ಬರನ್ನು ನಿಲ್ಲಿಸಿ, ಫೋನಿನಲ್ಲಿ "ಈಗ" ಅಂದಾಗೆಲ್ಲಾ ಒಂದು ವೆಲ್ಡ್ ಹೊಡೆಯಿರಿ. ಹತ್ತು ಸಲ ಹೊಂದಿಕೆಯಾದರೆ ಅನುಮಾನ ಉಳಿಯುವುದಿಲ್ಲ.

ಆದರೆ ಕಣ್ಣಿನ ಸಾಕ್ಷಿಯನ್ನು ಇದಕ್ಕಿಂತ ಜಾಸ್ತಿ ನಂಬಬೇಡಿ. ಈಗ ಎಲ್ಲರ ಹತ್ತಿರ ಎಲ್‌ಇಡಿ ಇದೆ. ಒಳ್ಳೆ ಡ್ರೈವರ್ ಇರುವ ಎಲ್‌ಇಡಿ ಇಂಥ ಏರಿಳಿತವನ್ನು ನುಂಗಿಬಿಡುತ್ತದೆ. ಒಳಗೆ ಬರೀ ಕೆಪಾಸಿಟರ್ ಇಟ್ಟ ಅಗ್ಗದ ಬಲ್ಬ್ ಎಲ್ಲವನ್ನೂ ತೋರಿಸುತ್ತದೆ. ಅಕ್ಕಪಕ್ಕದ ಎರಡು ಶೆಡ್ಡಿನಲ್ಲಿ ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದಿರುವುದು ಹೀಗೆ.

ಅಳತೆಗೋಲು: Pst ಮತ್ತು Plt

ಫ್ಲಿಕರ್ ಮೀಟರ್ ಹೇಗಿರಬೇಕು ಅಂತ ಐಇಸಿ 61000-4-15 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅದರೊಳಗೆ 230 ವೋಲ್ಟಿನ 60 ವ್ಯಾಟ್ ಹಳೇ ಫಿಲಮೆಂಟ್ ಬಲ್ಬ್, ಅದನ್ನು ನೋಡುವ ಕಣ್ಣು, ಮತ್ತೆ ಮೆದುಳು, ಈ ಮೂರನ್ನೂ ಲೆಕ್ಕದ ರೂಪದಲ್ಲಿ ಕೂರಿಸಿದ್ದಾರೆ. ಕಣ್ಣಿಗೆ ಅತಿ ಹೆಚ್ಚು ಕಿರಿಕಿರಿ ಆಗುವುದು ಸೆಕೆಂಡಿಗೆ ಸುಮಾರು 8.8 ಸಲ ಬೆಳಕು ಏರಿಳಿದಾಗ. ಆ ವೇಗದಲ್ಲಿ ಕಾಲು ಪರ್ಸೆಂಟ್ ಏರಿಳಿತವೂ ಕಣ್ಣಿಗೆ ಸಿಗುತ್ತದೆ.

ಮೀಟರ್ 10 ನಿಮಿಷಕ್ಕೆ ಒಂದು ಅಂಕಿ ಕೊಡುತ್ತದೆ, ಅದು Pst. Pst ಒಂದು ಅಂದರೆ ಸಾಮಾನ್ಯ ಜನಕ್ಕೆ ಕಿರಿಕಿರಿ ಶುರುವಾಗುವ ಗಡಿ. ಇಂಥ 12 ಅಂಕಿ ಸೇರಿದ ಎರಡು ಗಂಟೆಯ ಲೆಕ್ಕ Plt. ಅದು ಸಾದಾ ಸರಾಸರಿ ಅಲ್ಲ. ಪ್ರತಿ Pst ಅನ್ನು ಘನ ಮಾಡಿ, ಸರಾಸರಿ ತೆಗೆದು, ಘನಮೂಲ ತೆಗೆಯುತ್ತಾರೆ. ಹಾಗಾಗಿ ಎರಡು ಗಂಟೆಯಲ್ಲಿ ಅರ್ಧ ಹೊತ್ತು ಮಾತ್ರ ವೆಲ್ಡಿಂಗ್ ಮಾಡಿದರೂ Plt ಅರ್ಧಕ್ಕೆ ಇಳಿಯುವುದಿಲ್ಲ, ಸುಮಾರು 0.8 ಪಟ್ಟಿನಲ್ಲೇ ನಿಲ್ಲುತ್ತದೆ.

ಮಿತಿಗಳೂ ಐಇಸಿಯಲ್ಲೇ ಇವೆ. ಶೆಡ್ಡುಗಳಿಗೆ ಬರುವ ಎಲ್‌ಟಿ ಜಾಲದಲ್ಲಿ Pst 1.0, Plt 0.8 ಹೊಂದಾಣಿಕೆಯ ಮಟ್ಟ, ಅಂದರೆ ಇದರೊಳಗೇ ಇರಬೇಕು ಅನ್ನುವ ಗಡಿ. 61000-3-7ರಲ್ಲಿ ವಿದ್ಯುತ್ ಕಂಪನಿಯವರು ಇಟ್ಟುಕೊಳ್ಳಬೇಕಾದ ಯೋಜನೆಯ ಮಟ್ಟ ಅಂತ 11 ಕೆವಿ ಥರದ ಜಾಲಕ್ಕೆ Pst 0.9, 66 ಕೆವಿಗೆ 0.8 ಸೂಚಿಸಿದ್ದಾರೆ. ಮೇಲಿನ ಜಾಲದ ಮಿತಿ ಬಿಗಿ, ಯಾಕೆಂದರೆ ಅಲ್ಲಿಯ ಏರಿಳಿತ ಕೆಳಗಿರುವ ಎಲ್ಲರ ಮನೆಗೂ ಇಳಿಯುತ್ತದೆ.

ಹೆಜ್ಜೆ 1: ಎಲ್ಲಿ ಅಳೆಯಬೇಕು

ಜನ ಜಾಸ್ತಿ ಎಡವುವುದು ಇಲ್ಲೇ. ಮೀಟರನ್ನು ವೆಲ್ಡಿಂಗ್ ಮಿಷನ್ನಿನ ಟರ್ಮಿನಲ್ಲಿಗೇ ಕಟ್ಟಿಬಿಡುತ್ತಾರೆ. ಅಲ್ಲಿ ನಿಮ್ಮದೇ ಕೇಬಲ್ಲಿನ ಡ್ರಾಪ್ ಕೂಡಿಕೊಂಡು ಅಂಕಿ ಸುಮ್ನೆ ದೊಡ್ಡದಾಗುತ್ತದೆ. ಬೇಕಾಗಿರುವುದು ನೀವೂ ಪಕ್ಕದವರೂ ಒಟ್ಟಿಗೆ ಸೇರುವ ಜಾಗ. ಅಂದರೆ ನಿಮ್ಮ ಕರೆಂಟ್ ಹರಿಯುವ ದಾರಿಯಲ್ಲಿ ಬೇರೊಬ್ಬ ಗ್ರಾಹಕರು ಸೇರಿಕೊಳ್ಳುವ, ನಿಮಗೆ ಅತಿ ಹತ್ತಿರದ ಬಿಂದು. ಟಿಸಿಯಿಂದ ನಿಮಗೇ ಪ್ರತ್ಯೇಕ ಕೇಬಲ್ ಬಂದಿದ್ದರೆ ಅದು ಟಿಸಿಯ ಎಲ್‌ಟಿ ಬಾಕ್ಸ್. ಕಂಬದ ಲೈನಿನಿಂದ ಎಳೆದಿದ್ದರೆ ಅದೇ ಕಂಬ. ಅಲ್ಲಿ ಕೈ ಹಾಕಲು ಬೆಸ್ಕಾಂ ಸೆಕ್ಷನ್ ಆಫೀಸಿನ ಒಪ್ಪಿಗೆ ಬೇಕು, ಅವರ ಜನವೇ ಬಂದು ಕಟ್ಟಿಕೊಡಬೇಕು. ದೂರು ಬಂದಿದ್ದರೆ ಅವರಿಗೂ ಅದು ಬೇಕಾದ ಕೆಲಸವೇ.

ಹೆಜ್ಜೆ 2: ಮೀಟರ್ ಕಟ್ಟುವುದು

ಕ್ಲಾಸ್ ಎ ಪವರ್ ಕ್ವಾಲಿಟಿ ಅನಲೈಸರ್ ಬಾಡಿಗೆಗೆ ತನ್ನಿ. ಮೂರೂ ಫೇಸನ್ನು ನ್ಯೂಟ್ರಲ್‌ಗೆ ಹೋಲಿಸಿ ಅಳೆಯಿರಿ, ಯಾಕೆಂದರೆ ಲೈಟ್ ಇರುವುದು ಹಾಗೇ. ಸೆಟ್ಟಿಂಗ್‌ನಲ್ಲಿ 230 ವೋಲ್ಟ್, 50 ಹರ್ಟ್ಜ್ ಬಲ್ಬ್ ಆಯ್ಕೆಯಾಗಿದೆಯೇ ನೋಡಿ. 120 ವೋಲ್ಟಿನ ಬಲ್ಬ್ ಮಾದರಿ ಇದ್ದರೆ ಅಂಕಿ ತಪ್ಪು ಬರುತ್ತದೆ. ಮಿಷನ್ನಿಗೆ ಹೋಗುವ ಕೇಬಲ್ಲಿಗೆ ಕರೆಂಟ್ ಕ್ಲ್ಯಾಂಪನ್ನೂ ಹಾಕಿ. ಒಂದು ವಾರ ಪೂರ್ತಿ ಬಿಡಿ, ಅದರಲ್ಲಿ ಭಾನುವಾರವೂ ಇರಲಿ.

ಕ್ಲ್ಯಾಂಪ್ ಯಾಕೆ ಅಂದರೆ, ತಪ್ಪು ಯಾರದು ಅನ್ನುವುದನ್ನು ಅದೇ ಹೇಳುತ್ತದೆ. ವೋಲ್ಟೇಜ್ ಇಳಿದ ಕ್ಷಣದಲ್ಲೇ ನಿಮ್ಮ ಕರೆಂಟ್ ಏರಿದ್ದರೆ ಅದು ನಿಮ್ಮ ಮಿಷನ್ನಿನದು. ಕರೆಂಟ್ ಅಲ್ಲಾಡದೆ ವೋಲ್ಟೇಜ್ ಮಾತ್ರ ಇಳಿದಿದ್ದರೆ ಕಾರಣ ಹೊರಗಡೆ ಇದೆ. ಇದಕ್ಕೆ ಅರ್ಧ ಸೈಕಲ್ಲಿಗೊಮ್ಮೆ ಬರೆದುಕೊಳ್ಳುವ ರೆಕಾರ್ಡಿಂಗ್ ಆನ್ ಆಗಿರಬೇಕು. ಒಂದು ವೆಲ್ಡ್ 10 ಸೈಕಲ್, ಅಂದರೆ 0.2 ಸೆಕೆಂಡ್. ಒಂದು ಸೆಕೆಂಡಿನ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ.

ಡೇಟಾ ತೆಗೆದ ಮೇಲೆ ಒಂದಿಷ್ಟು ಕಸ ಗುಡಿಸಬೇಕು. ಕರೆಂಟ್ ಹೋಗಿ ಬಂದಾಗ, ದೊಡ್ಡ ಡಿಪ್ ಆದಾಗ Pst ಆಕಾಶಕ್ಕೆ ಹಾರುತ್ತದೆ. ಅಂಥ 10 ನಿಮಿಷಗಳಿಗೆ ಮೀಟರ್ ಗುರುತು ಹಾಕಿರುತ್ತದೆ, ಅವನ್ನು ಬಿಡಿ. ಬೇಸಿಗೆಯಲ್ಲಿ ಇಂಥವು ಜಾಸ್ತಿ. ಮೀಟರ್ ಆನ್ ಮಾಡಿದ ಮೊದಲ ಅಂಕಿಯನ್ನೂ ಬಿಡಿ, ಫಿಲ್ಟರ್ ನೆಲೆಗೊಳ್ಳಲು ಹೊತ್ತು ಬೇಕು.

ಭಾನುವಾರದ ಅಂಕಿ ನಿಮ್ಮ ಮಿಷನ್ ಇಲ್ಲದಾಗಿನ ಹಿನ್ನೆಲೆ. ಅದನ್ನು ನೇರವಾಗಿ ಕಳೆಯಬೇಡಿ. ಇಲ್ಲೂ ಘನದ ಲೆಕ್ಕವೇ. ಒಟ್ಟು 1.1, ಹಿನ್ನೆಲೆ 0.7 ಅಂದರೆ ಮಿಷನ್ನಿನ ಪಾಲು 0.4 ಅಲ್ಲ:

```
Pst(ಮಿಷನ್) = (1.1³ − 0.7³)^(1/3) ≈ 1.0
```

ಹೆಜ್ಜೆ 3: ಲೆಕ್ಕದಿಂದ ಹೊಂದಿಸಿ ನೋಡುವುದು

ಅಳತೆ ಒಂದೇ ಸಾಲದು. ಲೆಕ್ಕವೂ ಅದನ್ನೇ ಹೇಳಿದರೆ ಮಾತ್ರ ಯಾವ ಮದ್ದು ನಾಟುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಉದಾಹರಣೆ ಹೀಗಿಟ್ಟುಕೊಳ್ಳಿ. 250 ಕೆವಿಎ ಟಿಸಿ, ನೇಮ್ ಪ್ಲೇಟಿನಲ್ಲಿ ಇಂಪೀಡೆನ್ಸ್ 4.5 ಪರ್ಸೆಂಟ್. ಆ ಜಾಗದಲ್ಲಿ 11 ಕೆವಿ ಲೈನಿನ ಫಾಲ್ಟ್ ಲೆವೆಲ್, ಅಂದರೆ ಶಾರ್ಟ್ ಆದಾಗ ಲೈನ್ ಕೊಡಬಲ್ಲ ಬಲ, 80 ಎಂವಿಎ. ಸ್ಪಾಟ್ ವೆಲ್ಡರ್ ಹಳೇ ಥರದ್ದು, ಎರಡು ಫೇಸ್ ನಡುವೆ ಕಟ್ಟಿದ್ದು. ವೆಲ್ಡ್ ಆಗುವಾಗ 80 ಕೆವಿಎ ಎಳೆಯುತ್ತದೆ, ಪವರ್ ಫ್ಯಾಕ್ಟರ್ 0.6, ನಿಮಿಷಕ್ಕೆ 20 ವೆಲ್ಡ್. ಮಿಷನ್ನಿನ ಪ್ಲೇಟಿನಲ್ಲಿರುವ ಕೆವಿಎ ಇಲ್ಲಿ ನಡೆಯುವುದಿಲ್ಲ. ಅದು ಸಾಮಾನ್ಯವಾಗಿ 50 ಪರ್ಸೆಂಟ್ ಡ್ಯೂಟಿಯ ಅಂಕಿ. ಕ್ಲ್ಯಾಂಪಿನಲ್ಲಿ ಸಿಕ್ಕ ಗರಿಷ್ಠ ಕರೆಂಟಿನಿಂದ ಲೆಕ್ಕ ಹಾಕಿ.

```
ಟಿಸಿ ಒಂದೇ:      250 / 0.045 ≈ 5556 kVA
11 kV ಸೇರಿಸಿ:    1 / (1/5556 + 1/80000) ≈ 5200 kVA
ಇಳಿತ d:          1.73 × 80 / 5200 ≈ 2.7 %
```

1.73 ಎಲ್ಲಿಂದ ಬಂತು ಅಂದರೆ, ಮಿಷನ್ ಎರಡು ಫೇಸ್ ನಡುವೆ ಇದೆ, ಲೈಟ್ ಫೇಸ್ ಮತ್ತು ನ್ಯೂಟ್ರಲ್ ನಡುವೆ ಇದೆ. ಸಮತೋಲದ ಮೂರು ಫೇಸ್ ಲೋಡಾಗಿದ್ದರೆ ಆ 1.73 ಬೇಡ.

ಈಗ 2.7 ಪರ್ಸೆಂಟ್ ಜಾಸ್ತಿಯೋ ಕಡಿಮೆಯೋ? ಒಂದು ವೆಲ್ಡಿಗೆ ವೋಲ್ಟೇಜ್ ಒಮ್ಮೆ ಇಳಿದು ಒಮ್ಮೆ ಏರುತ್ತದೆ, ಅಂದರೆ ಎರಡು ಬದಲಾವಣೆ. ನಿಮಿಷಕ್ಕೆ 20 ವೆಲ್ಡ್ ಅಂದರೆ 40 ಬದಲಾವಣೆ. ಐಇಸಿ ಕೋಷ್ಟಕದ ಪ್ರಕಾರ Pst ಒಂದಕ್ಕೆ ತಲುಪುವ ಇಳಿತ ನಿಮಿಷಕ್ಕೆ 39 ಬದಲಾವಣೆ ಇದ್ದಾಗ ಸುಮಾರು 0.9 ಪರ್ಸೆಂಟ್, 7 ಇದ್ದಾಗ 1.46, ಒಂದೇ ಇದ್ದಾಗ 2.72. ಇಳಿತ ಎಷ್ಟು ಪಟ್ಟೋ Pst ಅಷ್ಟೇ ಪಟ್ಟು. ಆದ್ದರಿಂದ 2.7ನ್ನು 0.9ರಿಂದ ಭಾಗಿಸಿ: Pst ಸುಮಾರು 3. ಕೋಷ್ಟಕ ಸಮ ಅಂತರದ ಬದಲಾವಣೆಗೆ ಮಾಡಿದ್ದು, ವೆಲ್ಡಿನ ಇಳಿತ ಮೊಟಕು. ಹಾಗಾಗಿ ಅಳತೆ ಸ್ವಲ್ಪ ಆಚೀಚೆ ಬರುತ್ತದೆ. ಲೆಕ್ಕ 3 ಅಂದು ಮೀಟರ್ 2.6 ತೋರಿಸಿದರೆ ಚಿಂತೆ ಇಲ್ಲ. 1.2 ತೋರಿಸಿದರೆ ಫಾಲ್ಟ್ ಲೆವೆಲ್ಲೋ ಕೆವಿಎಯೋ ತಪ್ಪಾಗಿದೆ ಅಂತ ಅರ್ಥ.

ಇಲ್ಲೊಂದು ಚಂದದ ಸಂಗತಿ ಇದೆ. ಮಿಷನ್ ಎರಡು ಫೇಸಿಗೆ ಕಟ್ಟಿದ್ದರೂ ಎರಡರಲ್ಲೂ ಇಳಿತ ಒಂದೇ ಅಲ್ಲ. ಪವರ್ ಫ್ಯಾಕ್ಟರ್ ಕಡಿಮೆ ಇದ್ದು, ಇಂಪೀಡೆನ್ಸ್ ಬಹುತೇಕ ಟಿಸಿಯದೇ ಆಗಿದ್ದರೆ, ಒಂದು ಫೇಸ್ ಪೂರ್ತಿ ಪೆಟ್ಟು ತಿನ್ನುತ್ತದೆ. ನಮ್ಮ ಲೆಕ್ಕಕ್ಕೆ ಕರೆಂಟಿನ ಮತ್ತು ಇಂಪೀಡೆನ್ಸಿನ ಕೋನವನ್ನೂ ಸೇರಿಸಿದರೆ ಒಂದರಲ್ಲಿ ಸುಮಾರು 2.6, ಇನ್ನೊಂದರಲ್ಲಿ 1.6 ಪರ್ಸೆಂಟ್. ಮೂರನೇ ಫೇಸ್‌ನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಮೂರು ಫೇಸಿನ Pst ಅಕ್ಕಪಕ್ಕ ಇಟ್ಟು ನೋಡಿದಾಗ ದೊಡ್ಡದು, ಮಧ್ಯಮ, ಸೊನ್ನೆಯ ಹತ್ತಿರ ಅಂತ ಬಂದರೆ ಅದು ಇಂಥ ಎರಡು ಫೇಸ್ ವೆಲ್ಡರ್‌ನ ಸಹಿ. ಮೂರೂ ಒಂದೇ ಮಟ್ಟದಲ್ಲಿದ್ದರೆ ಈ ಮಿಷನ್ನನ್ನು ಬಿಟ್ಟು ಬೇರೆ ಕಡೆ ಹುಡುಕಿ.

ಹೆಜ್ಜೆ 4: ಇಳಿಸುವುದು

ಮೊದಲು ನಾಟದ ಮದ್ದುಗಳು, ಯಾಕೆಂದರೆ ದುಡ್ಡು ಹೋಗುವುದು ಅಲ್ಲೇ.

"ನಿಧಾನ ಹೊಡೆಯಿರಿ" ಅನ್ನುವುದು ಮೊದಲ ಸಲಹೆ. ವೇಗವನ್ನು ಅರ್ಧಕ್ಕಿಳಿಸಿದರೆ Pst ಅರ್ಧ ಆಗುವುದಿಲ್ಲ, 3 ಇದ್ದದ್ದು ಸುಮಾರು 2.4 ಆಗುತ್ತದೆ ಅಷ್ಟೇ. ಒಂದಕ್ಕೆ ತರಬೇಕು ಅಂದರೆ ಕೋಷ್ಟಕ ನೋಡಿ: 2.7 ಪರ್ಸೆಂಟಿಗೆ ನಿಮಿಷಕ್ಕೆ ಒಂದು ಬದಲಾವಣೆ. ಅಂದರೆ ಎರಡು ನಿಮಿಷಕ್ಕೊಂದು ವೆಲ್ಡ್. ಯಾರಾದರೂ ಹಾಗೆ ಕೆಲಸ ಮಾಡುತ್ತಾರಾ?

ಕೆಪಾಸಿಟರ್ ಪ್ಯಾನಲ್ ಎರಡನೇ ಸಲಹೆ. ಪವರ್ ಫ್ಯಾಕ್ಟರನ್ನು ತಾನೇ ಸರಿಪಡಿಸುವ, ಕಾಂಟ್ಯಾಕ್ಟರ್ ಇರುವ ಮಾಮೂಲಿ ಎಪಿಎಫ್‌ಸಿ ಪ್ಯಾನಲ್ ಎಚ್ಚೆತ್ತುಕೊಳ್ಳಲು ಹಲವು ಸೆಕೆಂಡ್ ಬೇಕು. ವೆಲ್ಡ್ 0.2 ಸೆಕೆಂಡಿನಲ್ಲಿ ಮುಗಿದಿರುತ್ತದೆ. ಸಾಲದ್ದಕ್ಕೆ ಕೆಪಾಸಿಟರ್ ಒಳಗೆ ಹೊರಗೆ ಆಡುವುದೇ ಇನ್ನೊಂದು ಏರಿಳಿತ. ಸರ್ವೋ ಸ್ಟೆಬಿಲೈಸರ್ ಕಥೆಯೂ ಇಷ್ಟೇ, ಅದರ ಮೋಟರ್ ತಿರುಗುವಷ್ಟರಲ್ಲಿ ವೋಲ್ಟೇಜ್ ವಾಪಸ್ ಬಂದಿರುತ್ತದೆ. ಥೈರಿಸ್ಟರ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚಿನಿಂದ ಒಂದು ಸೈಕಲ್ಲಿನೊಳಗೆ ಸೇರಿಸುವ ಕೆಪಾಸಿಟರ್ ಆದರೆ ಮಾತು ಬೇರೆ. ಎರಡು ಫೇಸ್ ಲೋಡಿಗೆ ಅದನ್ನು ಆ ಎರಡು ಫೇಸ್ ನಡುವೆಯೇ ಹಾಕಬೇಕು.

ಮೂರನೆಯದು "ದೊಡ್ಡ ಟಿಸಿ ಹಾಕಿಸಿ". 500 ಕೆವಿಎ ಮಾಡಿದರೆ ಇಳಿತ 1.4 ಪರ್ಸೆಂಟ್, Pst 1.6. ಇಳಿಯಿತು, ಆದರೆ ಪಾಸಾಗಲಿಲ್ಲ.

ಈಗ ನಾಟುವ ಮದ್ದು. ತೀರಾ ಅಗ್ಗದ್ದು ಫೇಸ್ ಬದಲಿಸುವುದು. ಮೂರನೇ ಫೇಸ್ ಶಾಂತವಾಗಿದೆ ಅಂದೆನಲ್ಲ, ದೂರು ಕೊಟ್ಟವರ ಲೈಟಿಂಗನ್ನು ಆ ಫೇಸಿಗೆ ಹಾಕಿಸಿ. ಒಬ್ಬಿಬ್ಬರ ದೂರಾದರೆ ಇದು ಒಂದು ಬೆಳಗಿನ ಕೆಲಸ. ಎಲ್ಲರನ್ನೂ ಒಂದೇ ಫೇಸಿಗೆ ತಳ್ಳಿದರೆ ಟಿಸಿ ಸಮತೋಲ ಕೆಡುತ್ತದೆ, ಬೆಸ್ಕಾಂನವರು ಒಪ್ಪುವುದೂ ಇಲ್ಲ. ಎರಡು ವೆಲ್ಡರ್ ಇದ್ದರೆ ಇಂಟರ್‌ಲಾಕ್ ಹಾಕಿ, ಎರಡೂ ಒಂದೇ ಕ್ಷಣ ಹೊಡೆಯದಂತೆ. ಒಟ್ಟಿಗೆ ಹೊಡೆದರೆ ಇಳಿತ ಎರಡು ಪಟ್ಟು, Pst ಎರಡು ಪಟ್ಟು. ಬೇರೆ ಬೇರೆ ಹೊತ್ತಿಗೆ ಹೊಡೆದರೆ 1.26 ಪಟ್ಟು ಮಾತ್ರ.

ಬೇರಿಗೇ ಕೈ ಹಾಕುವುದು ಅಂದರೆ ಎರಡೇ ದಾರಿ. ಒಂದು, ಮಿಷನ್ ಬದಲಿಸುವುದು. ಮೂರು ಫೇಸಿನ ಇನ್ವರ್ಟರ್ ಸ್ಪಾಟ್ ವೆಲ್ಡರ್ ಬರುತ್ತದೆ. ಒಳಗೆ ಸಾವಿರ ಹರ್ಟ್ಜ್ ಮಾಡಿ ಡಿಸಿ ಕೊಡುವಂಥದ್ದು. ಮೂರೂ ಫೇಸಿನಲ್ಲಿ ಸಮನಾಗಿ ಎಳೆಯುತ್ತದೆ, ಪವರ್ ಫ್ಯಾಕ್ಟರ್ 0.9ರ ಆಸುಪಾಸು. ಅದೇ ವೆಲ್ಡಿಗೆ 45 ಕೆವಿಎ ಸಾಕು ಅಂತಿಟ್ಟುಕೊಳ್ಳಿ. 45ನ್ನು 5200ರಿಂದ ಭಾಗಿಸಿದರೆ 0.87 ಪರ್ಸೆಂಟ್, ಅದೂ ಕೋನಗಳೆಲ್ಲಾ ನಮ್ಮ ವಿರುದ್ಧ ನಿಂತಾಗ. ಕೋನ ಸೇರಿಸಿದರೆ 0.56. Pst 0.6ರ ಹತ್ತಿರ. ಅದೇ ಟಿಸಿ, ಅದೇ ಲೈನ್, ಅದೇ ವೇಗ. ಕೈಯಲ್ಲಿ ರಾಡ್ ಹಿಡಿದು ಮಾಡುವ ಆರ್ಕ್ ವೆಲ್ಡಿಂಗಿಗೂ ಇದೇ ಮಾತು: ಎರಡು ಫೇಸಿನ ಹಳೇ ಟ್ರಾನ್ಸ್‌ಫಾರ್ಮರ್ ಸೆಟ್ಟಿಗಿಂತ ಇನ್ವರ್ಟರ್ ಸೆಟ್ ಎಷ್ಟೋ ವಾಸಿ.

ಇನ್ನೊಂದು, ಸ್ವಂತ ಟಿಸಿ. ಆಗ ನೀವೂ ಪಕ್ಕದವರೂ ಸೇರುವ ಜಾಗ 11 ಕೆವಿಗೆ ಏರುತ್ತದೆ, ಅಲ್ಲಿಯ ಬಲ 80 ಎಂವಿಎ. ಹಳೇ ಮಿಷನ್ನೇ ಇದ್ದರೂ ಇಳಿತ 0.2 ಪರ್ಸೆಂಟ್, Pst 0.2ರ ಸುತ್ತ. ನಿಮ್ಮ ಶೆಡ್ಡಿನೊಳಗಿನ ಲೈಟ್ ಮಾತ್ರ ಕುಣಿಯುತ್ತಲೇ ಇರುತ್ತದೆ, ಆಫೀಸ್ ರೂಮಿಗೆ ಒಳ್ಳೆ ಎಲ್‌ಇಡಿ ಹಾಕಿಕೊಳ್ಳಿ. ನನ್ನನ್ನು ಕೇಳಿದರೆ, ಮಿಷನ್ ಹಳತಾಗಿದ್ದರೆ ಇನ್ವರ್ಟರ್, ಲೋಡ್ ಹೇಗೂ ಬೆಳೆಯುವುದಿದ್ದರೆ ಟಿಸಿ. ಇವೆರಡರ ಬೆಲೆ ಕೇಳುವ ಮೊದಲು ಕೆಪಾಸಿಟರ್ ಪ್ಯಾನಲ್ ಮಾರುವವರ ಮಾತಿಗೆ ಕಿವಿ ಕೊಡಬೇಡಿ.

ಆರ್ಕ್ ಫರ್ನೇಸ್ ಆದರೆ

ಮೊದಲು ಒಂದು ಗೊಂದಲ ಬಿಡಿಸಬೇಕು. ಫೌಂಡ್ರಿಗಳಲ್ಲಿ ಈಗ ಜಾಸ್ತಿ ಕಾಣುವುದು ಇಂಡಕ್ಷನ್ ಫರ್ನೇಸ್, ಅದು ಆರ್ಕ್ ಫರ್ನೇಸ್ ಅಲ್ಲ. ಇಂಡಕ್ಷನ್ ಫರ್ನೇಸ್ ಸಮವಾಗಿ ಕರೆಂಟ್ ಎಳೆಯುತ್ತದೆ. ಅದರ ತೊಂದರೆ ಮುಖ್ಯವಾಗಿ ಹಾರ್ಮೋನಿಕ್ಸ್. 50 ಹರ್ಟ್ಜಿನ ಪೂರ್ಣ ಗುಣಕವಲ್ಲದ ಆವರ್ತನಗಳು ಹೊರಬಂದಾಗ ಲೈಟ್ ಮಿಣುಕಬಹುದು, ಆದರೆ ಅದರ ಮದ್ದು ಬೇರೆ.

ಆರ್ಕ್ ಫರ್ನೇಸಿನಲ್ಲಿ ಗ್ರಾಫೈಟ್ ಎಲೆಕ್ಟ್ರೋಡ್ ಸ್ಕ್ರ್ಯಾಪಿನ ರಾಶಿಯನ್ನು ಕೊರೆದುಕೊಂಡು ಇಳಿಯುತ್ತದೆ. ಕೆಳಗಿನ ತುಂಡು ಕರಗಿ ಕುಸಿದಾಗ ಆರ್ಕ್ ಉದ್ದವಾಗುತ್ತದೆ, ಮೇಲಿಂದ ತುಂಡು ಜಾರಿ ಬಿದ್ದಾಗ ಶಾರ್ಟ್ ಆಗುತ್ತದೆ. ಕರೆಂಟ್ ಕ್ಷಣಕ್ಷಣಕ್ಕೂ ಎತ್ತೆಂದರತ್ತ ಓಡುತ್ತದೆ, ಕಣ್ಣಿಗೆ ಕಿರಿಕಿರಿಯಾಗುವ 8.8 ಹರ್ಟ್ಜ್ ಸುತ್ತಲೂ. ಹಾಗಾಗಿ ಕೋಷ್ಟಕ ನೋಡುವ ವಿಧಾನ ಇಲ್ಲಿ ನಡೆಯದು. ಮೊದಲ ಅಂದಾಜಿಗೆ ಇದು ಸಾಕು:

```
Pst ≈ K × (ಫರ್ನೇಸಿನ ಶಾರ್ಟ್ MVA) / (ಜಾಲದ ಫಾಲ್ಟ್ MVA)
```

K ಸುಮಾರು 50ರಿಂದ 85. 10 ಎಂವಿಎ ಫರ್ನೇಸ್ ಶಾರ್ಟ್ ಆದಾಗ ಸುಮಾರು ಎರಡು ಪಟ್ಟು, 20 ಎಂವಿಎ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 66 ಕೆವಿ ಜಾಗದ ಬಲ 1000 ಎಂವಿಎ, K 60. Pst 1.2 ಬಂತು. ಅಲ್ಲಿಯ ಮಟ್ಟ 0.8.

ಇಳಿಸುವ ಕ್ರಮ ಹೀಗೆ. ಫರ್ನೇಸಿನ ಸರಣಿಯಲ್ಲಿ ರಿಯಾಕ್ಟರ್ ಹಾಕಿದರೆ ಶಾರ್ಟ್ ಕರೆಂಟಿಗೆ ಮೂಗುದಾರ ಬೀಳುತ್ತದೆ, ಆರ್ಕ್ ಕೂಡ ಸ್ಥಿರವಾಗಿ ಉರಿಯುತ್ತದೆ. ಸ್ಕ್ರ್ಯಾಪನ್ನು ಸಣ್ಣದಾಗಿ ಕತ್ತರಿಸಿ, ಹಗುರದ್ದನ್ನು ಮೇಲೆ ಹಾಕಿದರೆ ಕೊರೆಯುವ ಹಂತ ಬೇಗ ಮುಗಿಯುತ್ತದೆ. ಅಷ್ಟಕ್ಕೂ ಸಾಲದಿದ್ದರೆ ಎಸ್‌ವಿಸಿ ಅಥವಾ ಸ್ಟ್ಯಾಟ್‌ಕಾಂ, ಎರಡೂ ರಿಯಾಕ್ಟಿವ್ ಪವರನ್ನು ಎಲೆಕ್ಟ್ರಾನಿಕ್ ಆಗಿ ಸರಿದೂಗಿಸುವ ಉಪಕರಣಗಳು. ಎಸ್‌ವಿಸಿಯಲ್ಲಿ ಥೈರಿಸ್ಟರ್ ಒಮ್ಮೆ ಆನ್ ಆದರೆ ಅರ್ಧ ಸೈಕಲ್ ತನಕ ಮಾತು ಕೇಳುವುದಿಲ್ಲ. ಅದಕ್ಕೇ ಎಷ್ಟು ದೊಡ್ಡದು ಹಾಕಿದರೂ ಫ್ಲಿಕರ್ ಅರ್ಧದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ನಮ್ಮ 1.2 ಅದರಲ್ಲಿ 0.7 ಆದೀತು. 66 ಕೆವಿಯ ಬಲ ಅರ್ಧವೇ ಇದ್ದು Pst 2.4 ಇದ್ದಿದ್ದರೆ ಎಸ್‌ವಿಸಿ ಸಾಲುತ್ತಿರಲಿಲ್ಲ. ಆಗ ಮಿಲಿಸೆಕೆಂಡ್‌ಗಳಲ್ಲಿ ತಿರುಗುವ ಸ್ಟ್ಯಾಟ್‌ಕಾಂ ಬೇಕು, ಅದು ಮೂರು ನಾಲ್ಕು ಪಟ್ಟು ಇಳಿಸಬಲ್ಲದು.

ಹೆಜ್ಜೆ 5: ಮತ್ತೆ ಅಳೆಯುವುದು

ಬದಲಾವಣೆ ಮಾಡಿದ ಮೇಲೆ ಅದೇ ಜಾಗದಲ್ಲಿ, ಅದೇ ಮೀಟರಿನಲ್ಲಿ, ಇನ್ನೊಂದು ವಾರ. ಆ ವಾರ ಕೆಲಸ ಕಮ್ಮಿ ಇದ್ದು ಅಂಕಿ ಚೆನ್ನಾಗಿ ಬಂದರೆ ಅದು ಮದ್ದಿನ ಗುಣ ಅಲ್ಲ. ಅದಕ್ಕೆ ಆಪರೇಟರ್ ಹತ್ತಿರ 10 ನಿಮಿಷಕ್ಕೊಮ್ಮೆ ವೆಲ್ಡ್ ಕೌಂಟರಿನ ಅಂಕಿ ಬರೆಸಿ, ಮೀಟರಿನ ಗಡಿಯಾರ ಮತ್ತು ಆಪರೇಟರ್ ಗಡಿಯಾರ ಒಂದೇ ಇರಲಿ. ಹಿಂದಿನ ವಾರ 200 ವೆಲ್ಡ್ ಇದ್ದ 10 ನಿಮಿಷವನ್ನು ಈ ವಾರದ 200 ವೆಲ್ಡಿನ 10 ನಿಮಿಷಕ್ಕೇ ಹೋಲಿಸಿ. ಬೆಸ್ಕಾಂಗೆ ಕೊಡುವ ವರದಿಯಲ್ಲಿ ಮೂರು ಫೇಸಿನ Pst ಗ್ರಾಫ್, ಕೈಬಿಟ್ಟ ಹತ್ತು ನಿಮಿಷಗಳ ಪಟ್ಟಿ, ಈ ವೆಲ್ಡ್ ಎಣಿಕೆ, ಮೀಟರ್ ಕಟ್ಟಿದ ಜಾಗದ ಫೋಟೋ ಇಷ್ಟನ್ನೂ ಸೇರಿಸಿ. ಪಕ್ಕದ ಶೆಡ್ಡಿನವರಿಗೂ ಒಂದು ಪ್ರತಿ ಕೊಡಿ.